ವರ್ಕರ್‌ಗಳ ಸ್ವಯಂಚಾಲಿತ ಹೆಚ್ಚಳ: ಸರತಿಯ ಉದ್ದ ಮತ್ತು ಅತ್ಯಂತ ಹಳೆಯ ಕೆಲಸದ ವಯಸ್ಸು

ಬಳಕೆದಾರನು ಕೇಳಿದ ಕೆಲಸವನ್ನು ಆ ಕ್ಷಣದಲ್ಲಿಯೇ ಮಾಡಿ ಮುಗಿಸದೆ, ಸಂದೇಶರೂಪದಲ್ಲಿ ಅದನ್ನೊಂದು ಸರತಿಗೆ ಸೇರಿಸಿಟ್ಟು, ಹಿನ್ನೆಲೆಯಲ್ಲಿ ಸದಾ ನಡೆಯುತ್ತಿರುವ ವರ್ಕರ್‌ಗಳೆಂಬ ಪ್ರೋಗ್ರಾಮುಗಳು ಅದನ್ನು ತಮ್ಮ ಅನುಕೂಲವಾದಾಗ ಎತ್ತಿಕೊಂಡು ನಿರ್ವಹಿಸುವಂತೆ ಏರ್ಪಡಿಸುವುದು ಗಣಕ ವ್ಯವಸ್ಥೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಪದ್ಧತಿ. ಬರುವ ಕೆಲಸದ ಪ್ರಮಾಣವು ದಿನದ ಎಲ್ಲ ಹೊತ್ತಿನಲ್ಲಿಯೂ ಸಮನಾಗಿರುವುದಿಲ್ಲವಾದ್ದರಿಂದ, ವರ್ಕರ್‌ಗಳ ಸಂಖ್ಯೆಯನ್ನು ಅಗತ್ಯಕ್ಕೆ ತಕ್ಕಂತೆ ತಾನಾಗಿಯೇ ಹೆಚ್ಚಿಸುವ ಮತ್ತು ತಗ್ಗಿಸುವ ಒಂದು ನಿಯಂತ್ರಕವನ್ನು ಸರತಿಯ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಇದಕ್ಕೆ ಆಟೋಸ್ಕೇಲಿಂಗ್ ಎಂಬ ಹೆಸರು ನೆಲೆಗೊಂಡಿದೆ. ಈ ನಿಯಂತ್ರಕವು ಯಾವ ಅಳತೆಯನ್ನು ನೋಡಿ ತೀರ್ಮಾನಿಸಬೇಕೆಂಬುದೇ ಪ್ರಸ್ತುತ ಲೇಖನದ ವಿಷಯ. ಸರತಿಯಲ್ಲಿರುವ ಸಂದೇಶಗಳನ್ನು ಎಣಿಸುವುದು ಒಂದು ಮಾರ್ಗ; ಸರತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲದಿಂದ ಕಾದಿರುವ ಸಂದೇಶವು ಎಷ್ಟು ಹೊತ್ತಿನಿಂದ ಕಾದಿದೆಯೆಂದು ನೋಡುವುದು ಇನ್ನೊಂದು. ಮೊದಲನೆಯದು ಹೆಚ್ಚು ಪ್ರಚಲಿತವಾದುದು. ಎರಡನೆಯದು ಬಹುಪಾಲು ಸಂದರ್ಭಗಳಲ್ಲಿ ಹೆಚ್ಚು ವಿಶ್ವಾಸಾರ್ಹವಾದುದು.

ಎಣಿಕೆಯ ಮಾರ್ಗವು ಪ್ರಚಲಿತವಾದುದಕ್ಕೆ ಕಾರಣವು ಅದರ ಸೌಲಭ್ಯವೇ. ಅಮೆಜಾನ್ ಸಂಸ್ಥೆಯ ಎಸ್‌ಕ್ಯೂಎಸ್ ಎಂಬ ಸರತಿ ಸೇವೆಯು `ApproximateNumberOfMessagesVisible` ಎಂಬ ಅಂಕಿಯನ್ನು ತಾನೇ ಒದಗಿಸುತ್ತದೆ. ಅದನ್ನು ಈಗಿರುವ ವರ್ಕರ್‌ಗಳ ಸಂಖ್ಯೆಯಿಂದ ಭಾಗಿಸಿ, ವರ್ಕರೊಂದಕ್ಕೆ ಇಷ್ಟು ಸಂದೇಶಗಳು ಎಂಬ ಪ್ರಮಾಣವನ್ನು ಕಾಯ್ದುಕೊಳ್ಳುವುದು ಸುಲಭ. ಆ ಪ್ರಮಾಣವು ಎಲ್ಲಿಂದ ಬರಬೇಕೆಂಬುದನ್ನೂ ಅದೇ ಸಂಸ್ಥೆಯ ಕೈಪಿಡಿಯು ತಿಳಿಸಿದೆ: ಸಹಿಸಬಹುದಾದ ವಿಳಂಬವನ್ನು ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಕಾಲದಿಂದ ಭಾಗಿಸಬೇಕು. ವಿಳಂಬ 10 ಸೆಕೆಂಡು, ಒಂದು ಕೆಲಸಕ್ಕೆ 0.1 ಸೆಕೆಂಡು ಎಂದಾದರೆ ವರ್ಕರೊಂದಕ್ಕೆ 100 ಸಂದೇಶಗಳು. ಈ ಲೆಕ್ಕವು ತಪ್ಪಲ್ಲ. ಆದರೆ ಅದರೊಳಗೆ ಅಡಗಿರುವ ಒಂದು ಸಂಗತಿಯನ್ನು ಗಮನಿಸಬೇಕು: ಎಣಿಕೆಯು ಇಲ್ಲಿ ಗುರಿಯಲ್ಲ, ಕಾಲವೇ ಗುರಿ, ಕಾಲವನ್ನು ಸರಾಸರಿಯೊಂದರ ಮೂಲಕ ಎಣಿಕೆಯಾಗಿ ಪರಿವರ್ತಿಸಿಕೊಂಡು, ಪರಿವರ್ತನೆಯ ದರವು ಎಂದೆಂದಿಗೂ ಬದಲಾಗದೆಂದು ನಂಬಿ, ಅನಂತರ ಕಾಲವನ್ನು ಮರೆತು ಎಣಿಕೆಯೊಂದನ್ನೇ ನೋಡುತ್ತಿರುವುದು ಈ ಪದ್ಧತಿಯ ಸ್ವರೂಪ.

ಉದ್ದಕ್ಕೂ ಕಾಲಕ್ಕೂ ಇರುವ ಸಂಬಂಧವು ಶಾಸ್ತ್ರದಲ್ಲಿ ಚೆನ್ನಾಗಿ ವಿಚಾರಿತವಾಗಿರುವುದು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ ದೂರವಾಣಿ ಕರೆಗಳ ಆಗಮನದ ಮೇಲೆ ಪ್ರಕಟಿಸಿದ ಪ್ರಬಂಧದಿಂದ ಸರತಿಶಾಸ್ತ್ರವು ಆರಂಭವಾಯಿತೆನ್ನುತ್ತಾರೆ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸನು ಸರತಿಯ ಸರಾಸರಿ ಉದ್ದವು ಆಗಮನದ ವೇಗಕ್ಕೂ ಸರಾಸರಿ ಕಾಯುವ ಕಾಲಕ್ಕೂ ಇರುವ ಗುಣಲಬ್ಧಕ್ಕೆ ಸಮವೆಂಬ ನಿಯಮಕ್ಕೆ ಸಾಮಾನ್ಯವಾದ ಸಾಧನೆಯನ್ನು ಕೊಟ್ಟನು. `L = λW` ಎಂಬ ಈ ಸೂತ್ರವು ಹೇಳುವುದನ್ನು ನಮ್ಮ ವಿಷಯಕ್ಕೆ ಅನ್ವಯಿಸಿದರೆ, ಒಂದೇ ಉದ್ದವು ವೇಗವಾಗಿ ಹರಿಯುವ ಸರತಿಯಲ್ಲಿ ಅಲ್ಪಕಾಲವನ್ನೂ ನಿಧಾನವಾಗಿ ಹರಿಯುವ ಸರತಿಯಲ್ಲಿ ದೀರ್ಘಕಾಲವನ್ನೂ ಸೂಚಿಸುವುದರಿಂದ, ಹರಿವಿನ ವೇಗವನ್ನು ಅರಿಯದೆ ಉದ್ದದಿಂದ ಏನನ್ನೂ ತೀರ್ಮಾನಿಸಲಾಗದೆಂಬುದು ಸ್ಪಷ್ಟವಾಗುತ್ತದೆ. ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತ ಐದು ಮಂದಿಯೂ ಒಂದೊಂದು ಕಾರ್ಡನ್ನು ಕೊಳ್ಳಬಂದವರಾಗಿರಬಹುದು, ಇಲ್ಲವೆ ಅವರಲ್ಲೊಬ್ಬನು ನಲವತ್ತು ಮನಿಯಾರ್ಡರುಗಳ ಕಟ್ಟನ್ನು ಕೈಯಲ್ಲಿ ಹಿಡಿದಿರಬಹುದು. ದೂರದಿಂದ ತಲೆಗಳನ್ನು ಎಣಿಸಿದವನಿಗೆ ಎರಡೂ ಐದೇ.

ಒಂದು ಸಂದರ್ಭವನ್ನು ಅಂಕಿಗಳೊಡನೆ ನೋಡೋಣ. ಚಿತ್ರಗಳನ್ನೂ ವಿಡಿಯೋಗಳನ್ನೂ ಸ್ವೀಕರಿಸುವ ಒಂದು ಜಾಲತಾಣವು ಚಿತ್ರವನ್ನು ಕುಗ್ಗಿಸುವ ಕೆಲಸವನ್ನೂ ವಿಡಿಯೋವನ್ನು ಬೇರೆ ರೂಪಕ್ಕೆ ಮಾರ್ಪಡಿಸುವ ಕೆಲಸವನ್ನೂ ಒಂದೇ ಸರತಿಗೆ ಹಾಕುತ್ತದೆಂದು ಭಾವಿಸಿ. ಚಿತ್ರಕ್ಕೆ 0.2 ಸೆಕೆಂಡು, ವಿಡಿಯೋವಿಗೆ 40 ಸೆಕೆಂಡು ಬೇಕು. ವರ್ಕರ್‌ಗಳು 10. ಆರಂಭದಲ್ಲಿ ವಿಡಿಯೋಗಳು ವಿರಳವಾಗಿದ್ದ ಕಾಲದಲ್ಲಿ ಸೆಕೆಂಡಿಗೆ 50 ಕೆಲಸಗಳು ತೀರುತ್ತಿದ್ದುವಾದ್ದರಿಂದ, ಸರತಿಯಲ್ಲಿ 500 ಸಂದೇಶಗಳು ಸೇರಿದಾಗ ಹೊಸ ವರ್ಕರ್‌ಗಳನ್ನು ಕರೆಯಬೇಕೆಂಬ ನಿಯಮವನ್ನು ಯಾರೋ ಬರೆದಿಟ್ಟರು. ಅದರ ಅರ್ಥ, ಹತ್ತು ಸೆಕೆಂಡಿಗಿಂತ ಹೆಚ್ಚು ಯಾರೂ ಕಾಯಬಾರದು ಎಂದು. ಕಾಲಾನುಕ್ರಮದಲ್ಲಿ ಹತ್ತರಲ್ಲಿ ಒಂದು ಕೆಲಸವು ವಿಡಿಯೋ ಆಯಿತು. ಆಗ ಕೆಲಸವೊಂದರ ಸರಾಸರಿ ಕಾಲವು 4.18 ಸೆಕೆಂಡಿಗೆ ಏರಿ, ಅದೇ ಹತ್ತು ವರ್ಕರ್‌ಗಳು ಸೆಕೆಂಡಿಗೆ 2.4 ಕೆಲಸಗಳನ್ನು ಮಾತ್ರ ತೀರಿಸಬಲ್ಲವಾದುವು. 500 ಸಂದೇಶಗಳ ಮಿತಿಯು ಯಾರೂ ಮುಟ್ಟದೆಯೇ ಹತ್ತು ಸೆಕೆಂಡಿನ ವಾಗ್ದಾನದಿಂದ ಮೂರೂವರೆ ನಿಮಿಷದ ವಾಗ್ದಾನವಾಗಿ ಮಾರ್ಪಟ್ಟಿತು. ಇನ್ನೂ ಕೆಟ್ಟದ್ದೇನೆಂದರೆ, ಸರತಿಯಲ್ಲಿ 200 ಸಂದೇಶಗಳಿರುವಾಗ ಹೊಸದಾಗಿ ಬಂದವನು 80 ಸೆಕೆಂಡಿಗೂ ಹೆಚ್ಚು ಕಾಯಬೇಕಾಗಿದ್ದರೂ, ನಿಯಂತ್ರಕದ ದೃಷ್ಟಿಯಲ್ಲಿ ಎಲ್ಲವೂ ಸುಸ್ಥಿತಿಯಲ್ಲಿಯೇ ಇರುತ್ತದೆ.

ಇದಕ್ಕಿಂತ ಮೌನವಾದ ಇನ್ನೊಂದು ವೈಫಲ್ಯವುಂಟು. ರಾತ್ರಿಯ ಹೊತ್ತು ಸರತಿಯಲ್ಲಿ ಮೂವತ್ತೇ ಸಂದೇಶಗಳಿದ್ದು, ಉಳಿದಿರುವ ಒಂದೋ ಎರಡೋ ವರ್ಕರ್‌ಗಳು ಹೊರಗಿನ ಯಾವುದೋ ಸೇವೆಯ ಉತ್ತರಕ್ಕಾಗಿ ಕಾಯುತ್ತ ಸ್ತಬ್ಧವಾಗಿ ನಿಂತಿವೆಯೆಂದುಕೊಳ್ಳಿ. ಹೊಸ ಸಂದೇಶಗಳು ಅಪರೂಪವಾಗಿ ಬರುವುದರಿಂದ ಎಣಿಕೆಯು ಮಿತಿಯನ್ನು ಮುಟ್ಟಲು ಗಂಟೆಗಳೇ ಹಿಡಿದಾವು. ಅಷ್ಟರವರೆಗೆ ಆ ಮೂವತ್ತು ಮಂದಿಯ ಕೆಲಸವು ಒಂದಂಗುಲವೂ ಮುಂದೆ ಸರಿಯದು. ವಯಸ್ಸನ್ನು ನೋಡುವ ನಿಯಂತ್ರಕವಾದರೆ, ಸರತಿಯಲ್ಲಿರುವುದು ಒಂದೇ ಸಂದೇಶವಾದರೂ, ಅದು ಕಾದ ಪ್ರತಿಯೊಂದು ಸೆಕೆಂಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ. ತೆಳ್ಳಗಿನ ಸರತಿಗಳ ಮಟ್ಟಿಗೆ ಈ ಒಂದು ಗುಣವೇ ವಯಸ್ಸಿನ ಪಕ್ಷಕ್ಕೆ ಸಾಕಾದ ಸಮರ್ಥನೆಯೆಂದು ಪ್ರಸ್ತುತ ಲೇಖಕನ ಅಭಿಪ್ರಾಯ.

ಈ ವಿಚಾರವು ವರ್ಕರ್‌ಗಳ ಕ್ಷೇತ್ರದಲ್ಲಿ ಮೊದಲು ಹುಟ್ಟಿದುದಲ್ಲ. ಅಂತರಜಾಲದ ರೂಟರುಗಳಲ್ಲಿ ಪ್ಯಾಕೆಟ್ಟುಗಳು ಮಿತಿಮೀರಿ ಶೇಖರವಾಗಿ ವಿಳಂಬವುಂಟುಮಾಡುವ ತೊಂದರೆಗೆ ಪರಿಹಾರವಾಗಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಎಂಬವರು 2012ರಲ್ಲಿ ಕೊಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಹಿಂದಿನ ವಿಧಾನಗಳು ಸರತಿಯ ಉದ್ದವನ್ನು ನೋಡಿ ತೀರ್ಮಾನಿಸುತ್ತಿದ್ದುವು. ತಂತಿಯಿಲ್ಲದ ಜಾಲಗಳಲ್ಲಿ ಮಾರ್ಗದ ವೇಗವು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಯಾವ ಉದ್ದವು ಅತಿಯೆಂಬುದನ್ನು ಮುಂಚಿತವಾಗಿ ನಿರ್ಣಯಿಸಲು ಸಾಧ್ಯವಿರಲಿಲ್ಲ. ಕೊಡೆಲ್ ಪ್ರತಿಯೊಂದು ಪ್ಯಾಕೆಟ್ಟೂ ಒಳಗೆ ಕಳೆದ ಕಾಲವನ್ನೇ ಅಳೆದು, 100 ಮಿಲಿಸೆಕೆಂಡುಗಳ ಅವಧಿಯಲ್ಲಿ ಆ ಕಾಲದ ಕನಿಷ್ಠ ಪ್ರಮಾಣವು 5 ಮಿಲಿಸೆಕೆಂಡಿಗಿಂತ ಕೆಳಗೆ ಒಮ್ಮೆಯೂ ಇಳಿಯದಿದ್ದರೆ ಮಾತ್ರ ಕ್ರಮ ಕೈಕೊಳ್ಳುತ್ತದೆ. ಕನಿಷ್ಠವನ್ನು ನೋಡುವುದರಲ್ಲಿ ಒಂದು ಸೂಕ್ಷ್ಮವಿದೆ: ಕ್ಷಣಕಾಲ ಉಬ್ಬಿ ತಾನೇ ಇಳಿಯುವ ಸರತಿಯು ನಿರಪಾಯಕಾರಿ, ಅವಧಿಯುದ್ದಕ್ಕೂ ಇಳಿಯದೆ ನಿಂತ ಸರತಿಯೇ ರೋಗ. ವರ್ಕರ್‌ಗಳ ನಿಯಂತ್ರಕವೂ ವಯಸ್ಸಿನ ಒಂದು ಅಳತೆಗೆ ಬೆದರದೆ, ಒಂದೆರಡು ನಿಮಿಷಗಳ ಅವಧಿಯಲ್ಲಿ ವಯಸ್ಸು ಸತತವಾಗಿ ಮಿತಿಯ ಮೇಲಿದ್ದರೆ ಮಾತ್ರ ಕಾರ್ಯಪ್ರವೃತ್ತವಾಗುವುದು ಒಳ್ಳೆಯದೆಂಬ ಪಾಠವು ಇದರಿಂದಲೇ ದೊರೆಯುತ್ತದೆ.

ವಯಸ್ಸೆಂದರೆ ಯಾವುದರ ವಯಸ್ಸು ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಏಕೆಂದರೆ ಎಲ್ಲ ವ್ಯವಸ್ಥೆಗಳೂ ಅದನ್ನು ಒಂದೇ ರೀತಿಯಲ್ಲಿ ಅಳೆಯುವುದಿಲ್ಲ. ಸೈಡ್‌ಕಿಕ್ ಎಂಬ ರೂಬಿ ಭಾಷೆಯ ಸಾಧನದಲ್ಲಿ `Sidekiq::Queue.new("default").latency` ಎಂದು ಕೇಳಿದರೆ ಬರುವ ಉತ್ತರವು ಇನ್ನೂ ಯಾರೂ ಎತ್ತಿಕೊಳ್ಳದೆ ಕಾದಿರುವ ಕೆಲಸಗಳಲ್ಲಿ ಹಳೆಯದರ ವಯಸ್ಸು. ಎಸ್‌ಕ್ಯೂಎಸ್ ಕೊಡುವ `ApproximateAgeOfOldestMessage` ಆದರೋ ಇನ್ನೂ ಅಳಿಸಿಹಾಕದ ಸಂದೇಶಗಳಲ್ಲಿ ಹಳೆಯದರದು. ಗೂಗಲ್ ಸಂಸ್ಥೆಯ ಪಬ್‌ಸಬ್ ಸೇವೆಯ `oldest_unacked_message_age` ಕೂಡ ಇದೇ ಜಾತಿಯದು. ಈ ಎರಡರಲ್ಲಿಯೂ ವರ್ಕರನ ಕೈಯಲ್ಲಿ ಈಗಾಗಲೇ ನಡೆಯುತ್ತಿರುವ ಕೆಲಸವೂ ಲೆಕ್ಕಕ್ಕೆ ಸೇರುವುದರಿಂದ, ಇಪ್ಪತ್ತು ನಿಮಿಷ ಹಿಡಿಯುವ ಕೆಲಸವೊಂದು ನಿರ್ವಿಘ್ನವಾಗಿ ಸಾಗುತ್ತಿದ್ದರೂ ವಯಸ್ಸು ಇಪ್ಪತ್ತು ನಿಮಿಷಕ್ಕೆ ಏರುತ್ತದೆ, ಸರತಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. ದೀರ್ಘ ಕೆಲಸಗಳಿರುವಲ್ಲಿ ಈ ಅಂಕಿಯನ್ನು ಹಾಗೆಯೇ ನಂಬಬಾರದು. ವರ್ಕರು ಕೆಲಸವನ್ನು ಎತ್ತಿಕೊಂಡ ಕ್ಷಣದಲ್ಲಿ ಅದು ಎಷ್ಟು ಕಾದಿತ್ತೆಂಬುದನ್ನು ತಾನೇ ಬರೆದು ತಿಳಿಸುವಂತೆ ಮಾಡುವುದು ಆಗ ಲೇಸು. ಆದರೆ ಹಾಗೆ ಮಾಡಿದಲ್ಲಿ, ಎತ್ತಿಕೊಳ್ಳುವವರೇ ಸ್ತಬ್ಧರಾದಾಗ ಅಂಕಿಯೂ ನಿಂತುಹೋಗುವುದೆಂಬುದನ್ನು ಮರೆಯದೆ, ಅಂಕಿ ಬಾರದಿರುವುದನ್ನೇ ಒಂದು ಎಚ್ಚರಿಕೆಯೆಂದು ಗಣಿಸತಕ್ಕದ್ದು.

ಇನ್ನು ಮಿತಿಯನ್ನು ಗೊತ್ತುಮಾಡುವ ವಿಚಾರ. ವಯಸ್ಸನ್ನು ಅಳತೆಯಾಗಿ ಆರಿಸಿಕೊಂಡುದರ ಒಂದು ದೊಡ್ಡ ಅನುಕೂಲವೆಂದರೆ, ಮಿತಿಯನ್ನು ಊಹಿಸಬೇಕಾಗಿಲ್ಲ. ಕೊಟ್ಟ ವಾಗ್ದಾನದಿಂದ ಕಳೆಯುತ್ತ ಹೋದರೆ ಅದು ತಾನಾಗಿ ದೊರೆಯುತ್ತದೆ. ಯಾವ ಕೆಲಸವೂ 300 ಸೆಕೆಂಡಿಗಿಂತ ಹೆಚ್ಚು ಕಾಯಬಾರದೆಂಬುದು ವಾಗ್ದಾನವೆಂದಿಟ್ಟುಕೊಳ್ಳೋಣ. ಅಳತೆಯು ನಿಯಂತ್ರಕವನ್ನು ತಲುಪಲು 60 ಸೆಕೆಂಡು, ಅದು ಕ್ಷಣಿಕವಲ್ಲವೆಂದು ಎರಡನೆಯ ಅಳತೆಯಿಂದ ಖಚಿತಪಡಿಸಿಕೊಳ್ಳಲು ಇನ್ನೊಂದು 60, ಹೊಸ ವರ್ಕರು ಎದ್ದು ಕೆಲಸಕ್ಕೆ ಅಣಿಯಾಗಲು 90: ಒಟ್ಟು 210 ಸೆಕೆಂಡು ಸಹಾಯವಿಲ್ಲದೆ ಕಳೆಯುತ್ತವೆ. ವಯಸ್ಸು ಎಷ್ಟೇ ವೇಗವಾಗಿ ಏರಿದರೂ ಸೆಕೆಂಡಿಗೆ ಒಂದು ಸೆಕೆಂಡಿಗಿಂತ ವೇಗವಾಗಿ ಏರಲಾರದಾದ್ದರಿಂದ, 300ರಿಂದ 210ನ್ನು ಕಳೆದು 90 ಸೆಕೆಂಡಿನಲ್ಲಿ ಗಂಟೆ ಬಾರಿಸಿದರೆ, ಸಹಾಯವು ಬರುವಷ್ಟರಲ್ಲಿ ವಾಗ್ದಾನವು ಮುರಿದಿರುವುದಿಲ್ಲ. ಈ ಕಳೆಯುವ ಲೆಕ್ಕದಲ್ಲಿ ಉತ್ತರವು ಸೊನ್ನೆಯೋ ಋಣವೋ ಆಗಿಬಂದರೆ, ಅಂಥ ವಾಗ್ದಾನವನ್ನು ಸ್ವಯಂಚಾಲಿತ ಹೆಚ್ಚಳದಿಂದ ಕಾಯಲಾಗದೆಂದೂ, ಮುಂಚಿತವಾಗಿಯೇ ಹೆಚ್ಚುವರಿ ವರ್ಕರ್‌ಗಳನ್ನು ಸಿದ್ಧವಾಗಿಟ್ಟಿರಬೇಕೆಂದೂ ತಿಳಿಯಬೇಕು.

ಯಾವಾಗ ಹೆಚ್ಚಿಸಬೇಕೆಂಬುದು ಹೀಗೆ ನಿರ್ಣಯವಾದರೂ, ಎಷ್ಟು ಹೆಚ್ಚಿಸಬೇಕೆಂಬುದನ್ನು ವಯಸ್ಸಿನ ಪ್ರಮಾಣವು ಹೇಳುವುದಿಲ್ಲ. ಅದನ್ನು ಹೇಳುವುದು ವಯಸ್ಸು ಏರುವ ವೇಗ. ಮೊದಲು ಬಂದುದು ಮೊದಲು ತೀರುವ ಸರತಿಯಲ್ಲಿ ಒಟ್ಟು ತೀರಿಸುವ ವೇಗವು `μ` ಎಂದೂ, ಈಗ ತಲೆಯಲ್ಲಿರುವ ಸಂದೇಶಗಳು ಬಂದ ಕಾಲದ ಆಗಮನ ವೇಗವು `λ` ಎಂದೂ ಇಟ್ಟುಕೊಂಡರೆ, ವಯಸ್ಸಿನ ಏರಿಕೆಯು ಹೀಗಿರುತ್ತದೆ:

```
dA/dt = 1 − μ/λ
```

ವಯಸ್ಸು ಸೆಕೆಂಡಿಗೆ ಅರ್ಧ ಸೆಕೆಂಡಿನಂತೆ ಏರುತ್ತಿದೆಯೆಂದರೆ, ಬಂದ ಕೆಲಸದಲ್ಲಿ ಅರ್ಧವನ್ನು ಮಾತ್ರ ವರ್ಕರ್‌ಗಳು ತೀರಿಸುತ್ತಿವೆಯೆಂದು ಅರ್ಥ. ಹಿಂದಿನ ಉದಾಹರಣೆಯ ಹತ್ತು ವರ್ಕರ್‌ಗಳ ಸ್ಥಿತಿಯು ಹೀಗಾಗಿದ್ದರೆ, ಏರಿಕೆಯನ್ನು ನಿಲ್ಲಿಸುವುದಕ್ಕೇ ಇಪ್ಪತ್ತು ಬೇಕು. ಗಂಟೆಯು 90 ಸೆಕೆಂಡಿನಲ್ಲಿ ಬಾರಿಸಿ, 210 ಸೆಕೆಂಡು ಕಳೆದು ಹೊಸಬರು ಬರುವಾಗ ವಯಸ್ಸು 195ಕ್ಕೆ ಏರಿರುತ್ತದೆ. ಆ 195ನ್ನು ಹತ್ತು ನಿಮಿಷಗಳಲ್ಲಿ ಇಳಿಸಬೇಕೆಂದರೆ ತೀರಿಸುವ ವೇಗವು ಆಗಮನದ 1.325 ಪಾಲಿರಬೇಕು, ಹತ್ತು ವರ್ಕರ್‌ಗಳು 0.5 ಪಾಲನ್ನು ತೀರಿಸುವುದರಿಂದ, ಬೇಕಾಗುವುದು 27. ಈ ಲೆಕ್ಕದಲ್ಲಿ ಸಂದೇಶಗಳ ಎಣಿಕೆಯಾಗಲಿ, ಒಂದು ಕೆಲಸಕ್ಕೆ ಹಿಡಿಯುವ ಕಾಲವಾಗಲಿ ಎಲ್ಲಿಯೂ ಬರಲಿಲ್ಲವೆಂಬುದು ಗಮನಾರ್ಹ. ಚಿತ್ರ ಎಷ್ಟು, ವಿಡಿಯೋ ಎಷ್ಟು ಎಂಬ ಮಿಶ್ರಣವು ಈ ಕೆಲವು ನಿಮಿಷಗಳ ಮಟ್ಟಿಗೆ ಬದಲಾಗದಿದ್ದರೆ ಸಾಕು.

ಇದನ್ನು ಅರಿಯದೆ, ಉದ್ದಕ್ಕಾಗಿ ರಚಿತವಾದ ಸೂತ್ರಕ್ಕೆ ವಯಸ್ಸನ್ನು ತುಂಬುವುದರಿಂದ ದೊಡ್ಡ ಅನರ್ಥವಾಗುತ್ತದೆ. ಕುಬರ್ನೆಟೀಸ್ ವ್ಯವಸ್ಥೆಯ ನಿಯಂತ್ರಕವು ಮೂಲತಃ ಅನುಪಾತವನ್ನು ಅನುಸರಿಸತಕ್ಕದ್ದು:

```
desired = ceil(current × metric / target)
```

ಗುರಿ 30 ಸೆಕೆಂಡು, ವಯಸ್ಸು 90, ವರ್ಕರ್‌ಗಳು 10 ಎಂದಾದರೆ ಅದು 30ನ್ನು ಕೇಳುತ್ತದೆ. ಆ 30 ಅಣಿಯಾದ ಕೂಡಲೆ ವಯಸ್ಸು ಕುಸಿಯುವುದಿಲ್ಲ. ಹಿಂದೆ ಸೇರಿದ ಹಳೆಯ ಸಂದೇಶಗಳು ಒಂದೊಂದಾಗಿ ತೀರಬೇಕಷ್ಟೆ. ಅಷ್ಟರಲ್ಲಿ ನಿಯಂತ್ರಕವು ಮತ್ತೆ ನೋಡಿ, 90 ಇನ್ನೂ 90 ಆಗಿಯೇ ಇರುವುದನ್ನು ಕಂಡು, ಈ ಸಲ 90 ವರ್ಕರ್‌ಗಳನ್ನು ಕೇಳುತ್ತದೆ. ಹೀಗೆ ವಯಸ್ಸು 30ಕ್ಕೆ ಇಳಿಯುವವರೆಗೂ, ಸಾಕಾದಷ್ಟು ಸಹಾಯವು ಈಗಾಗಲೇ ಬಂದಿದ್ದರೂ, ಗುಣಿಸುತ್ತಲೇ ಹೋಗುತ್ತದೆ. ಉದ್ದವನ್ನು ವರ್ಕರ್‌ಗಳ ಸಂಖ್ಯೆಯಿಂದ ಭಾಗಿಸಿದ ಅಳತೆಯಲ್ಲಿ ಈ ದೋಷವಿಲ್ಲ; ಏಕೆಂದರೆ ಅಲ್ಲಿ ವರ್ಕರ್‌ಗಳು ಹೆಚ್ಚಿದ ಕೂಡಲೆ ಅಳತೆಯು ತಾನೇ ತಗ್ಗುತ್ತದೆ. ಆದುದರಿಂದ ವಯಸ್ಸನ್ನು ಬಳಸುವವರು ಅದನ್ನು ಅನುಪಾತಕ್ಕೆ ಒಪ್ಪಿಸದೆ, ವಯಸ್ಸು ಏರುತ್ತಲೇ ಇದ್ದರೆ ಮಾತ್ರ ಒಂದು ಹೆಜ್ಜೆ ಮುಂದಿಟ್ಟು, ಇಳಿಯಲಾರಂಭಿಸಿದ್ದರೆ ಕೈಕಟ್ಟಿ ಕಾಯುವಂತೆ ನಿಯಮವನ್ನು ಬರೆಯುತ್ತಾರೆ. ಗರಿಷ್ಠ ಸಂಖ್ಯೆಯೊಂದನ್ನು ಕಡ್ಡಾಯವಾಗಿ ಗೊತ್ತುಮಾಡಿರುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಗರಿಷ್ಠವು ಇನ್ನೊಂದು ಕಾರಣಕ್ಕೂ ಅಗತ್ಯ. ವಿಳಂಬದ ಮೂಲವು ವರ್ಕರ್‌ಗಳ ಕೊರತೆಯಾಗಿರದೆ, ಅವೆಲ್ಲವೂ ಆಶ್ರಯಿಸಿರುವ ಡೇಟಾಬೇಸ್ ಆಗಿದ್ದರೆ, ಹೆಚ್ಚಿದ ಪ್ರತಿಯೊಂದು ವರ್ಕರೂ ಆ ಡೇಟಾಬೇಸಿನ ಮೇಲೆ ಇನ್ನಷ್ಟು ಭಾರವನ್ನು ಹೇರಿ, ವಯಸ್ಸನ್ನು ಇನ್ನಷ್ಟು ಏರಿಸುತ್ತದೆ. ವಯಸ್ಸೊಂದನ್ನೇ ನೋಡುವವನಿಗೆ ಈ ಎರಡು ಸ್ಥಿತಿಗಳು ಒಂದೇ ತೆರನಾಗಿ ತೋರುತ್ತವೆ. ಗುರುತಿಸುವ ಉಪಾಯವು ಸರಳವಾದುದು: ವರ್ಕರ್‌ಗಳು ಇಮ್ಮಡಿಯಾದ ಮೇಲೆ ನಿಮಿಷಕ್ಕೆ ತೀರುವ ಕೆಲಸಗಳ ಸಂಖ್ಯೆಯೂ ಇಮ್ಮಡಿಗೆ ಸಮೀಪವಾಗಿದೆಯೇ ಎಂದು ನೋಡುವುದು. ಅದು ಏರದೆ ನಿಂತಿದ್ದರೆ ಹೆಚ್ಚಳವನ್ನು ನಿಲ್ಲಿಸಿ ಮನುಷ್ಯನೊಬ್ಬನನ್ನು ಕರೆಯಬೇಕು.

ವಯಸ್ಸನ್ನು ದಾರಿತಪ್ಪಿಸುವ ಮತ್ತೊಂದು ವಸ್ತು, ಎಷ್ಟು ಸಲ ಎತ್ತಿಕೊಂಡರೂ ವಿಫಲವಾಗಿ ಸರತಿಗೆ ಹಿಂದಿರುಗುವ ದೋಷಯುಕ್ತ ಸಂದೇಶ. ಹುಟ್ಟಿದ ವೇಳೆಯನ್ನು ಅದು ತನ್ನೊಡನೆ ಹೊತ್ತು ತಿರುಗುವುದರಿಂದ, ಉಳಿದವರೆಲ್ಲರ ಕೆಲಸವು ಸುಗಮವಾಗಿ ಸಾಗುತ್ತಿರುವಾಗಲೂ ಸರತಿಯ ವಯಸ್ಸು ದಿನಗಟ್ಟಲೆ ಏರುತ್ತಿರಬಹುದು. ಎಸ್‌ಕ್ಯೂಎಸ್ ತನ್ನ ಸಾಮಾನ್ಯ ಸರತಿಗಳಲ್ಲಿ ಮೂರು ಸಲ ಎತ್ತಿಕೊಂಡರೂ ತೀರದ ಸಂದೇಶವನ್ನು ವಯಸ್ಸಿನ ಲೆಕ್ಕದಿಂದ ಹಿಂದಕ್ಕೆ ಸರಿಸಿ ಅದರ ಮುಂದಿನದನ್ನು ತೋರಿಸುತ್ತದೆ. ಕ್ರಮಬದ್ಧ ಸರತಿಗಳಲ್ಲಿ ಹಾಗೆ ಸರಿಸುವುದಿಲ್ಲ, ಸರಿಸಿದರೆ ಕ್ರಮವೇ ಕೆಡುತ್ತದೆ. ಇಂಥ ಸಂದೇಶಗಳನ್ನು `maxReceiveCount` ಎಂಬ ಮಿತಿಯ ನಂತರ ಪ್ರತ್ಯೇಕವಾದ ಸರತಿಯೊಂದಕ್ಕೆ ಸಾಗಿಸಿಬಿಡುವ ಏರ್ಪಾಟನ್ನು ಮಾಡದೆ ವಯಸ್ಸನ್ನು ನಿಯಂತ್ರಣಕ್ಕೆ ಬಳಸಬಾರದು.

ಉದ್ದಕ್ಕೂ ನ್ಯಾಯ ಸಲ್ಲಬೇಕಾದ ಎಡೆಯೊಂದುಂಟು. ಹತ್ತು ಸಾವಿರ ಸಂದೇಶಗಳು ಒಂದೇ ಗಳಿಗೆಯಲ್ಲಿ ಬಂದು ಬಿದ್ದರೆ ಎಣಿಕೆಯು ಆ ಗಳಿಗೆಯಲ್ಲಿಯೇ ಅದನ್ನು ಸಾರುತ್ತದೆ. ವಯಸ್ಸಾದರೋ ಆಗ ಸೊನ್ನೆಯಲ್ಲಿದ್ದು, ಗಡಿಯಾರದೊಡನೆ ಹೆಜ್ಜೆಹೆಜ್ಜೆಯಾಗಿ ಏರಬೇಕು. ವಯಸ್ಸು ಕಳೆದುದನ್ನು ಹೇಳುವ ಅಳತೆ. ಬರಲಿರುವುದನ್ನು ಅದು ಅರಿಯದು. ಆದುದರಿಂದ ಒಂದೇ ಜಾತಿಯ ಕೆಲಸಗಳು ಗುಂಪುಗುಂಪಾಗಿ ಬರುವಲ್ಲಿ, ಉದ್ದವನ್ನು ಸರಾಸರಿ ಕಾಲದಿಂದ ಗುಣಿಸಿ ವರ್ಕರ್‌ಗಳ ಸಂಖ್ಯೆಯಿಂದ ಭಾಗಿಸಿದ ನಿರೀಕ್ಷಿತ ವಿಳಂಬವನ್ನೂ ವಯಸ್ಸನ್ನೂ ಒಟ್ಟಿಗೆ ನೋಡಿ, ಎರಡರಲ್ಲಿ ಯಾವುದು ಮೊದಲು ಮಿತಿಯನ್ನು ಮುಟ್ಟುವುದೋ ಅದರಂತೆ ನಡೆಯುವುದು ಉಚಿತ. ಎರಡೂ ಸೆಕೆಂಡುಗಳಲ್ಲಿಯೇ ಇರುವುದರಿಂದ ಹೋಲಿಕೆಗೆ ತೊಡಕಿಲ್ಲ.

ತಗ್ಗಿಸುವ ಕಾರ್ಯಕ್ಕೆ ವಯಸ್ಸು ಸಹಾಯಕವಲ್ಲ. ವರ್ಕರ್‌ಗಳಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕುಳಿತಿದ್ದರೂ, ಎಲ್ಲವೂ ಹದವಾಗಿ ದುಡಿಯುತ್ತಿದ್ದರೂ ವಯಸ್ಸು ಸೊನ್ನೆಯ ಹತ್ತಿರವೇ ಇರುತ್ತದೆ. ಎಷ್ಟನ್ನು ಬಿಡಬಹುದೆಂಬುದನ್ನು ತಿಳಿಯಲು ಅವುಗಳಲ್ಲಿ ದುಡಿಯುತ್ತಿರುವವೆಷ್ಟು ಎಂಬ ಪಾಲನ್ನೇ ನೋಡಬೇಕು. ಇಳಿಸುವಾಗ ಆತುರವೂ ಸಲ್ಲದು. ಕುಬರ್ನೆಟೀಸ್ ಇದಕ್ಕಾಗಿ ಯಾರೂ ಬದಲಿಸದಿದ್ದರೆ 300 ಸೆಕೆಂಡುಗಳ ತಡೆಯನ್ನು ಇಟ್ಟುಕೊಂಡಿರುತ್ತದೆ. ಅದೇ ವ್ಯವಸ್ಥೆಯು ವರ್ಕರೊಂದನ್ನು ನಿಲ್ಲಿಸುವಾಗ ಕೈಯಲ್ಲಿರುವ ಕೆಲಸವನ್ನು ಮುಗಿಸಿಕೊಳ್ಳಲು ಕೊಡುವ ಅವಕಾಶವು 30 ಸೆಕೆಂಡು ಮಾತ್ರ. ನಮ್ಮ ಉದಾಹರಣೆಯ ವಿಡಿಯೋ ಕೆಲಸಕ್ಕೆ 40 ಸೆಕೆಂಡು ಬೇಕಾಗಿದ್ದುದನ್ನು ಜ್ಞಾಪಿಸಿಕೊಂಡರೆ, ನಡುವೆ ಕಡಿದುಹೋದ ಆ ಕೆಲಸವು ತನ್ನ ಹಳೆಯ ವಯಸ್ಸಿನೊಡನೆ ಸರತಿಗೆ ಹಿಂದಿರುಗಿ, ವಯಸ್ಸಿನ ಗಂಟೆಯನ್ನು ಬಾರಿಸಿ, ಈಗಷ್ಟೇ ಬಿಟ್ಟುಕೊಟ್ಟ ವರ್ಕರನ್ನೇ ಮರಳಿ ಕರೆಸಬಹುದೆಂಬುದು ತಿಳಿಯುತ್ತದೆ. ಎಸ್‌ಕ್ಯೂಎಸ್ ಎತ್ತಿಕೊಂಡ ಸಂದೇಶವನ್ನು ಇತರರಿಂದ ಮರೆಮಾಡಿಡುವ ಅವಧಿಯೂ, ಬೇರೆ ಹೇಳದಿದ್ದರೆ, 30 ಸೆಕೆಂಡೇ ಆಗಿರುವುದರಿಂದ, ಅದೇ ವಿಡಿಯೋವನ್ನು ಇನ್ನೊಬ್ಬ ವರ್ಕರು ಎರಡನೆಯ ಸಲ ಆರಂಭಿಸುವ ಸಂಭವವೂ ಉಂಟು. `terminationGracePeriodSeconds` ಮತ್ತು `VisibilityTimeout` ಎಂಬ ಈ ಎರಡು ಅವಧಿಗಳನ್ನೂ ಅತ್ಯಂತ ದೀರ್ಘವಾದ ಕೆಲಸದ ಕಾಲಕ್ಕಿಂತ ಹೆಚ್ಚಾಗಿರುವಂತೆ ಮೊದಲು ಹೊಂದಿಸಿ, ಅನಂತರವೇ ವರ್ಕರ್‌ಗಳನ್ನು ತಗ್ಗಿಸುವ ನಿಯಮವನ್ನು ಜಾರಿಗೆ ತರಬೇಕು.